ನೀರು ಹೆಚ್ಚಾದಾಗ ರಕ್ತದಲ್ಲಿ ಏನಾಗುತ್ತದೆ

ಅಕ್ಕನ ಬೆರಳಲ್ಲಿ ಉಂಗುರ ತಿರುಗುತ್ತಿರಲಿಲ್ಲ. ನಾನು ಮೊದಲು ನೋಡಿದ್ದು ಅದನ್ನೇ. ಏಪ್ರಿಲ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹತ್ತೂಕಾಲು. ಕಬ್ಬನ್ ಪಾರ್ಕ್‌ನ ಮರದಡಿ ಕೂತು ಆಕೆ ಉಂಗುರ ತೆಗೆಯಲು ನೋಡುತ್ತಿದ್ದರು. ಬೆರಳು ಊದಿತ್ತು. ವಾಚ್ ಬಿಚ್ಚಿದ ಜಾಗದಲ್ಲಿ ಪಟ್ಟಿಯ ಗುರುತು ಆಳವಾಗಿ ಬಿದ್ದಿತ್ತು. "ತಲೆ ಸಿಡೀತಿದೆ" ಅಂದರು. ಆಮೇಲೆ ವಾಂತಿ ಮಾಡಿದರು. ಬಂದಿದ್ದೆಲ್ಲ ತಿಳಿ ನೀರು.

ನಮ್ಮದು ಭಾನುವಾರ ಬೆಳಿಗ್ಗೆ ಸೇರಿ ಓಡುವ ಸಣ್ಣ ಗುಂಪು. ಅವತ್ತು 35 ಕಿಲೋಮೀಟರ್ ಉದ್ದದ ಓಟ ಇತ್ತು. ಅಕ್ಕನ ತೂಕ 60 ಕೆಜಿ, ನಿಧಾನಕ್ಕೆ ಓಡುವವರು. ಬೆಳಿಗ್ಗೆ ಐದಕ್ಕೆ ಶುರು ಮಾಡಿ ಐದು ಗಂಟೆಯ ಮೇಲೆ ಓಡಿದ್ದರು. ನೀರಿನ ಟೇಬಲ್ ಹತ್ತಿರ ನಿಂತು ಬಾಟಲ್ ತುಂಬಿಸಿಕೊಟ್ಟವನು ನಾನೇ. ಬಿಸಿಲುಗಾಲ, ನೀರು ಕಡಿಮೆ ಆಗಬಾರದು ಅಂತ ಆಕೆ ವಾಚ್‌ನಲ್ಲಿ ಅಲಾರಂ ಇಟ್ಟುಕೊಂಡಿದ್ದರು. ಹದಿನೈದು ನಿಮಿಷಕ್ಕೊಮ್ಮೆ ಅದು ಬಡಿದಾಗಲೆಲ್ಲ ಕಾಲು ಲೀಟರ್ ನೀರು. ಬಾಯಾರಿಕೆ ಇರಲಿ, ಇಲ್ಲದಿರಲಿ, ಒಂದು ಸಲವೂ ತಪ್ಪಿಸಲಿಲ್ಲ. ಐದು ಗಂಟೆಯಲ್ಲಿ ಸುಮಾರು ಐದು ಲೀಟರ್ ಹೊಟ್ಟೆಗೆ ಹೋಗಿತ್ತು.

ನಮಗೆ ಕಂಡಿದ್ದು ಬಿಸಿಲಿಗೆ ಸುಸ್ತಾದ ಹೆಂಗಸು. ಒಬ್ಬರು ಓಡಿಹೋಗಿ ಇನ್ನೊಂದು ಬಾಟಲ್ ನೀರು ತಂದರು. ಆಕೆ ಎರಡು ಗುಟುಕು ಕುಡಿದು "ಬೇಡ, ಆಗ್ತಿಲ್ಲ" ಅಂದರು. ಸ್ವಲ್ಪ ಹೊತ್ತಿನಲ್ಲೇ ಮಾತು ತೊದಲತೊಡಗಿತು. ಇವತ್ತು ಯಾವ ವಾರ ಅಂತ ಕೇಳಿದರೆ ಸುಮ್ಮನೆ ನಮ್ಮ ಮುಖ ನೋಡಿದರು. ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಗೆ ಬಂದ ಅವರ ಯಜಮಾನರು ಮೊದಲು ಹೇಳಿದ ಮಾತು, "ಡಾಕ್ಟ್ರೇ, ಒಂದು ಗ್ಲೂಕೋಸ್ ಹಾಕಿಬಿಡಿ. ಬಿಸಿಲಲ್ಲಿ ನೀರಿಲ್ಲದೆ ಹಿಂಗಾಗಿದೆ."

ಆ ಡ್ಯೂಟಿ ಡಾಕ್ಟರ್‌ಗೆ ನಾನು ಇವತ್ತಿಗೂ ಋಣಿ. ಆಕೆ ಡ್ರಿಪ್ ಹಾಕುವ ಮೊದಲು ನಮ್ಮ ಕಡೆ ತಿರುಗಿ, "ಇವರು ಎಷ್ಟು ನೀರು ಕುಡಿದ್ರು?" ಅಂತ ಕೇಳಿದರು. ನಾನು ಹೇಳಿದೆ. ಕೂಡಲೇ ರಕ್ತ ತೆಗೆದರು. ತುರ್ತು ವಾರ್ಡ್‌ನ ಎಬಿಜಿ ಮೆಷಿನ್ ಕೆಲವೇ ನಿಮಿಷದಲ್ಲಿ ಸೋಡಿಯಂ ಎಷ್ಟಿದೆ ಅಂತ ತೋರಿಸಿತು: 128. ತೂಕ ನೋಡಿದರೆ 62 ಕೆಜಿ. ಐದು ಗಂಟೆ ಬೆವರು ಸುರಿಸಿ ಓಡಿದ ಮನುಷ್ಯರ ತೂಕ ಎರಡು ಕೆಜಿ ಏರಿತ್ತು.

ಇದಕ್ಕೆ ಹೈಪೊನೇಟ್ರಿಮಿಯಾ ಅನ್ನುತ್ತಾರೆ. ಅಂದರೆ ರಕ್ತದಲ್ಲಿ ಸೋಡಿಯಂ ತೆಳುವಾಗುವುದು. ಒಂದು ಲೀಟರ್‌ಗೆ 135ರಿಂದ 145 ಮಿಲಿಮೋಲ್ ಇದ್ದರೆ ಸರಿ, 135ಕ್ಕಿಂತ ಕೆಳಗೆ ಇಳಿದರೆ ಕಡಿಮೆ. ಮಿಲಿಮೋಲ್ ಅನ್ನುವ ಪದಕ್ಕೆ ಹೆದರಬೇಕಿಲ್ಲ. ಅದು ಕಣಗಳನ್ನು ಎಣಿಸುವ ಅಳತೆ, ಅಷ್ಟೆ. ಒಂದು ಗ್ರಾಂ ಅಡುಗೆ ಉಪ್ಪಿನಲ್ಲಿ ಸುಮಾರು 17 ಮಿಲಿಮೋಲ್ ಸೋಡಿಯಂ ಇರುತ್ತದೆ.

ಇದನ್ನು ಕೇಳಿದ ಕೂಡಲೇ ಎಲ್ಲರೂ ಹೇಳುವುದು ಒಂದೇ: "ಬೆವರಲ್ಲಿ ಉಪ್ಪೆಲ್ಲ ಹೋಗಿಬಿಟ್ಟಿದೆ." ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅದು ಅಷ್ಟು ಸರಿಯಲ್ಲ, ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಹೆಂಗಸರ ಮೈತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಗಂಡಸರಲ್ಲಿ ಸ್ವಲ್ಪ ಜಾಸ್ತಿ, ನೂರಕ್ಕೆ 60ರಷ್ಟು. ಅಕ್ಕನ 60 ಕೆಜಿಯಲ್ಲಿ 30 ಲೀಟರ್ ನೀರು ಅಂತ ಇಟ್ಟುಕೊಳ್ಳಿ. ಲೀಟರ್‌ಗೆ 140ರಂತೆ ಒಟ್ಟು 4,200. (ಜೀವಕೋಶಗಳ ಒಳಗೆ ಸೋಡಿಯಂನ ಜಾಗದಲ್ಲಿ ಇರುವುದು ಪೊಟ್ಯಾಸಿಯಂ. ಹೊರಗೂ ಒಳಗೂ ಒಂದೇ ಗಟ್ಟಿ ಆಗುವವರೆಗೆ ನೀರು ಹರಿಯುವುದರಿಂದ ಎರಡನ್ನೂ ಒಂದೇ ಪಾತ್ರೆ ಅಂತ ಎಣಿಸಿದ್ದೇನೆ.) ಗಂಟೆಗೆ ಅರ್ಧ ಲೀಟರ್ ಬೆವರು ಅಂದರೆ ಐದು ಗಂಟೆಗೆ ಎರಡೂವರೆ ಲೀಟರ್. ಆಕೆಯ ಮೈಗಾತ್ರ, ಆ ನಿಧಾನದ ಓಟ, ತಂಪಾದ ಮುಂಜಾವು ನೋಡಿದರೆ ಅದು ಸರಿಯಾದ ಅಂದಾಜು. ಲೀಟರ್ ಬೆವರಿನಲ್ಲಿ 40ರಂತೆ ಸೋಡಿಯಂ ಹೋಯಿತು ಅಂದರೆ ಹೋದದ್ದು 100. ಉಳಿದದ್ದು 4,100. ಮೂತ್ರವಾಗಿ ಹೋದ ನೀರು ಬರೀ 200 ಮಿಲಿ ಅಂತ ಇಡೋಣ.

ಈಗ ಆಕೆ ಒಂದು ತೊಟ್ಟೂ ಕುಡಿಯದೆ ಓಡಿದ್ದರು ಅಂದುಕೊಳ್ಳಿ. ಮೈಯಲ್ಲಿ ಉಳಿಯುವ ನೀರು 27.3 ಲೀಟರ್. 4,100ನ್ನು 27.3ರಿಂದ ಭಾಗಿಸಿದರೆ 150. ಸೋಡಿಯಂ ಇಳಿಯುವುದಿರಲಿ, ಏರುತ್ತದೆ. ಯಾಕಂದರೆ ಬೆವರು ರಕ್ತಕ್ಕಿಂತ ತುಂಬಾ ಸಪ್ಪೆ. ರಕ್ತದಲ್ಲಿ 140 ಇದ್ದರೆ ಬೆವರಿನಲ್ಲಿ 20ರಿಂದ 80ರವರೆಗೆ ಮಾತ್ರ, ಒಬ್ಬೊಬ್ಬರಿಗೆ ಒಂದೊಂದು ಥರ. ಬೆವರಿದಷ್ಟೂ ಉಪ್ಪಿಗಿಂತ ನೀರೇ ಹೆಚ್ಚು ಹೋಗುತ್ತದೆ, ಒಳಗೆ ಉಳಿದದ್ದು ಗಟ್ಟಿಯಾಗುತ್ತದೆ. ಬಾಯಾರಿಕೆ ಆಗುವುದು ಇದರಿಂದಲೇ.

ಬಾಯಾರಿದಾಗ ಮಾತ್ರ ಕುಡಿದು, ಒಟ್ಟು ಎರಡು ಲೀಟರ್ ಆಗಿದ್ದರೆ? ಮೈಯಲ್ಲಿ 29.3 ಲೀಟರ್. ಭಾಗಿಸಿದರೆ 140. ಶುರುವಿನಲ್ಲಿ ಎಷ್ಟಿತ್ತೋ ಅಷ್ಟೇ. ತೂಕ ಮುಕ್ಕಾಲು ಕೆಜಿಯಷ್ಟು ಇಳಿದಿರುತ್ತಿತ್ತು. ಸೋಡಿಯಂ ಮಾತ್ರ ಕದಲುತ್ತಿರಲಿಲ್ಲ.

ಆದರೆ ಕುಡಿದದ್ದು ಐದು ಲೀಟರ್. ಮೈಯಲ್ಲಿ 32.3 ಲೀಟರ್ ನೀರು. 4,100ನ್ನು 32.3ರಿಂದ ಭಾಗಿಸಿ: 127. ಮೆಷಿನ್ ತೋರಿಸಿದ್ದು 128. ಆಗಿನ್ನೂ ಸ್ವಲ್ಪ ನೀರು ಹೊಟ್ಟೆಯಲ್ಲೇ ಇತ್ತು, ರಕ್ತಕ್ಕೆ ಸೇರಿರಲಿಲ್ಲ ಅನಿಸುತ್ತದೆ. ಬೆವರಿನಲ್ಲಿ ಒಂದು ಕಣ ಉಪ್ಪೂ ಹೋಗಿರಲಿಲ್ಲ ಅಂತ ಇಟ್ಟುಕೊಂಡರೂ 4,200 ಭಾಗಿಸು 32.3, ಅಂದರೆ 130. ಅಂದರೆ 140ರಿಂದ ಬಿದ್ದ ಹದಿಮೂರರಲ್ಲಿ ಹತ್ತು ಬರೀ ನೀರಿನ ಕೆಲಸ. ಉಪ್ಪು ಹೋಗಿದ್ದಕ್ಕೆ ಬಿದ್ದದ್ದು ಮೂರು.

ಮನೆಯಲ್ಲಿ ನಾಲ್ಕು ಜನಕ್ಕೆ ಸಾರು ಮಾಡಿದ್ದೀರಿ. ಇದ್ದಕ್ಕಿದ್ದಂತೆ ನೆಂಟರು ಬಂದರು, ಎರಡು ಚೊಂಬು ನೀರು ಸುರಿದಿರಿ. ಪಾತ್ರೆಯಲ್ಲಿದ್ದ ಉಪ್ಪು ಅಷ್ಟೇ ಇದೆ, ಯಾರೂ ತೆಗೆದಿಲ್ಲ. ಸಾರು ಮಾತ್ರ ಸಪ್ಪೆ. ಅಕ್ಕನ ರಕ್ತದಲ್ಲಿ ಆಗಿದ್ದು ಇದೇ.

ಇಲ್ಲಿ ಒಂದು ಪ್ರಶ್ನೆ ಬರಬೇಕು. ಮನೆಯಲ್ಲಿ ಕೂತಾಗ ನಾವು ಬೇಕಾದಷ್ಟು ನೀರು ಕುಡಿಯುತ್ತೇವೆ, ಏನೂ ಆಗುವುದಿಲ್ಲ ಅಲ್ವಾ? ಸರಿಯಾದ ಪ್ರಶ್ನೆ. ಸುಮ್ಮನೆ ಕೂತಿರುವಾಗ ಆರೋಗ್ಯವಂತ ಕಿಡ್ನಿ ಗಂಟೆಗೆ 800 ಮಿಲಿಯಿಂದ ಒಂದು ಲೀಟರ್‌ವರೆಗೆ ಹೆಚ್ಚಿನ ನೀರನ್ನು ಹೊರಗೆ ಹಾಕಬಲ್ಲದು. ಹಾಗೆ ನೋಡಿದರೆ ಅಕ್ಕ ಕುಡಿದ ಗಂಟೆಗೊಂದು ಲೀಟರ್ ನೀರು ಕಿಡ್ನಿಗೆ ದೊಡ್ಡ ಭಾರವೇ ಅಲ್ಲ. ಆದರೆ ಅವತ್ತು ಅದರ ಬಾಗಿಲು ಮುಚ್ಚಿತ್ತು.

ಆ ಬಾಗಿಲನ್ನು ಮುಚ್ಚಿ ತೆರೆಯುವುದು ವ್ಯಾಸೊಪ್ರೆಸಿನ್ ಅನ್ನುವ ಹಾರ್ಮೋನ್. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ರಕ್ತಕ್ಕೆ ಬರುತ್ತದೆ. ಅದು ಹೆಚ್ಚಿದ್ದರೆ ಕಿಡ್ನಿ ನೀರನ್ನು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಮೂತ್ರ ಕಡಿಮೆಯಾಗಿ ಗಟ್ಟಿಯಾಗುತ್ತದೆ. ರಕ್ತ ತೆಳುವಾದ ಕೂಡಲೇ ಈ ಹಾರ್ಮೋನ್ ನಿಲ್ಲಬೇಕು. ನಿತ್ಯದ ಬದುಕಿನಲ್ಲಿ ನಿಲ್ಲುತ್ತದೆ ಕೂಡ. ಆದರೆ ತಾಸುಗಟ್ಟಲೆ ಓಟ, ಮೈನೋವು, ಸೆಕೆ, ಹೊಟ್ಟೆ ತೊಳಸುವುದು, ಇವು ಒಂದೊಂದೂ ಅದನ್ನು ಸುರಿಯುವಂತೆ ಮಾಡುತ್ತವೆ. ರಕ್ತದಲ್ಲಿ ಸೋಡಿಯಂ ಎಷ್ಟಿದೆ ಅಂತ ಆಗ ಅದು ಲೆಕ್ಕಿಸುವುದಿಲ್ಲ. ಮೊಣಕಾಲು ನೋವಿಗೆ ಅಂತ ಓಟಕ್ಕೆ ಮುಂಚೆ ಐಬುಪ್ರೊಫೆನ್ ಥರದ ಮಾತ್ರೆ ನುಂಗುವವರು ನಮ್ಮ ಗುಂಪಿನಲ್ಲೇ ಇದ್ದರು. ಆ ಮಾತ್ರೆ ಕಿಡ್ನಿಯಲ್ಲಿ ಈ ಹಾರ್ಮೋನ್‌ನ ಕೈಯನ್ನು ಇನ್ನಷ್ಟು ಬಲಪಡಿಸುತ್ತದೆ. ಬಿಪಿಗೆ ಕೊಡುವ ಥಯಾಜೈಡ್ ಗುಂಪಿನ ಮಾತ್ರೆ ತಗೊಳ್ಳುವವರಿಗೂ ಸೋಡಿಯಂ ಬೇಗ ಇಳಿಯುತ್ತದೆ. ಹಾಗಂತ ಅದನ್ನು ತಾವೇ ನಿಲ್ಲಿಸುವುದಲ್ಲ, ಉದ್ದದ ನಡಿಗೆಗೆ ಹೊರಡುವ ಮುಂಚೆ ಡಾಕ್ಟರನ್ನು ಕೇಳಬೇಕು.

ಹೀಗೆ ಬಾಗಿಲು ಮುಚ್ಚಿರುವಾಗ ಒಳಗೆ ಬಂದ ನೀರು ಎಲ್ಲಿಗೆ ಹೋಗಬೇಕು? ರಕ್ತ ತೆಳುವಾದರೆ, ಅದಕ್ಕಿಂತ ಗಟ್ಟಿಯಾಗಿರುವ ಜೀವಕೋಶಗಳ ಒಳಕ್ಕೆ ನೀರು ನುಗ್ಗುತ್ತದೆ. ಬೆರಳಿಗೆ, ಕೈಗೆ ಊದಲು ಜಾಗ ಇದೆ. ಉಂಗುರ ಬಿಗಿಯಾಗುತ್ತದೆ, ಅಷ್ಟೆ. ಮಿದುಳು ಇರುವುದು ತಲೆಬುರುಡೆಯ ಒಳಗೆ, ಅಲ್ಲಿ ಒಂದಿಷ್ಟೂ ಜಾಗ ಇಲ್ಲ. ಅದಕ್ಕೇ ಮೊದಲು ತಲೆನೋವು, ವಾಂತಿ. ಆಮೇಲೆ ಗೊಂದಲ, ತೊದಲು. ಇನ್ನೂ ಮುಂದೆ ಹೋದರೆ ಫಿಟ್ಸ್, ಪ್ರಜ್ಞೆ ತಪ್ಪುವುದು, ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುವುದು. ಸಾವೂ ಆಗುತ್ತದೆ. ವಾರಗಟ್ಟಲೆ ನಿಧಾನವಾಗಿ ಸೋಡಿಯಂ ಇಳಿದವರು ಕೆಲವೊಮ್ಮೆ 120ರಲ್ಲೂ ಓಡಾಡಿಕೊಂಡು ಇರುತ್ತಾರೆ. ಅವರ ಮಿದುಳಿಗೆ ತನ್ನೊಳಗಿನ ಲವಣಗಳನ್ನು ಹೊರಗೆ ತಳ್ಳಿ ಹೊಂದಿಕೊಳ್ಳಲು ಒಂದೆರಡು ದಿನ ಸಿಕ್ಕಿರುತ್ತದೆ. ಐದು ಗಂಟೆಯಲ್ಲಿ ಬಿದ್ದರೆ ಆ ಸಮಯವೇ ಇಲ್ಲ. 128ಕ್ಕೇ ಅಕ್ಕನಿಗೆ ವಾರ ಮರೆತುಹೋಗಿದ್ದು ಹೀಗೆ.

ಇದು ಹೊಸದಾಗಿ ಕಂಡುಹಿಡಿದದ್ದೇನಲ್ಲ. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟದಲ್ಲಿ 1981ರಲ್ಲಿ ಇಂಥದ್ದು ಕಂಡಿತ್ತು. ಅಲ್ಲಿನ ಕ್ರೀಡಾವಿಜ್ಞಾನಿ ಟಿಮ್ ನೋಕ್ಸ್ ಮತ್ತು ಜೊತೆಗಾರರು 1985ರಲ್ಲಿ ಅದರ ಬಗ್ಗೆ ಬರೆದರು. ಆದರೂ ತೊಂಬತ್ತರ ದಶಕದಲ್ಲಿ ಓಟಗಾರರಿಗೆ ಸಿಗುತ್ತಿದ್ದ ಸಲಹೆ "ಬಾಯಾರುವ ಮುಂಚೆ ಕುಡಿಯಿರಿ, ಹೊಟ್ಟೆ ತಡೆಯುವಷ್ಟು ಕುಡಿಯಿರಿ" ಅಂತಲೇ ಇತ್ತು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದರು. ನೂರಕ್ಕೆ 13 ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಯಾರಿಗೆ ಹೀಗಾಗಿದೆ ಅಂತ ನೋಡಿದಾಗ ಎದ್ದು ಕಂಡದ್ದು ಓಟದ ನಡುವೆ ತೂಕ ಏರಿದವರು, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರು. ವೇಗವಾಗಿ ಓಡುವವರಿಗೆ ಜಾಸ್ತಿ ಕುಡಿಯಲು ಸಮಯವೇ ಇರುವುದಿಲ್ಲ, ಬೆವರೂ ಜಾಸ್ತಿ. ನಿಧಾನದವರಿಗೆ ಪ್ರತಿ ನೀರಿನ ಟೇಬಲ್ ಹತ್ತಿರ ನಿಲ್ಲಲು ಸಮಯ ಇದೆ, ಬೆವರು ಕಡಿಮೆ.

ಬೆಂಗಳೂರಿಗೆ ಇದು ಇನ್ನೊಂದು ರೀತಿಯಲ್ಲೂ ಹೊಂದುತ್ತದೆ. ನಮ್ಮೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ. ಏಪ್ರಿಲ್‌ನಲ್ಲೂ ಬೆಳಗಿನ ಜಾವ ತಂಪು. ಆದರೆ ತಲೆಯಲ್ಲಿ ಇರುವುದು ಮಧ್ಯಾಹ್ನದ ಬಿಸಿಲು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ಊರು ಇದು, ಆ ಹೆದರಿಕೆ ಸಹಜ. ಹಾಗಾಗಿ ಐದು ಗಂಟೆಯ ತಂಪಿನಲ್ಲೇ ಮಧ್ಯಾಹ್ನದ ಲೆಕ್ಕದಲ್ಲಿ ಕುಡಿಯಲು ಶುರು ಮಾಡುತ್ತೇವೆ. ಶಿವರಾತ್ರಿಗೆ ಇಲ್ಲಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರನ್ನು ನೆನೆಸಿಕೊಳ್ಳಿ. ದಿನವಿಡೀ ನಿಧಾನದ ನಡಿಗೆ, ದಾರಿಯಲ್ಲಿ ಪ್ರೀತಿಯಿಂದ ಕೊಡುವ ನೀರು. ಬೇಡ ಅನ್ನಲು ಮನಸ್ಸು ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಮಧ್ಯಾಹ್ನದ ಬಿಸಿಲಲ್ಲಿ ಇಟ್ಟಿಗೆ ಹೊರುವವರಿಗೆ, ಸಿಗ್ನಲ್‌ನಲ್ಲಿ ನಿಲ್ಲುವವರಿಗೆ, ದಿನವಿಡೀ ಸ್ಕೂಟರ್ ಮೇಲೆ ಡೆಲಿವರಿ ಮಾಡುವವರಿಗೆ ದೊಡ್ಡ ಅಪಾಯ ನೀರು ಸಿಗದಿರುವುದೇ. ಈ ಲೇಖನ ಓದಿ ಯಾರೂ ಅವರ ನೀರು ಕಡಿಮೆ ಮಾಡಬಾರದು. ನಾನು ಹೇಳುತ್ತಿರುವುದು ಬಾಯಾರಿಕೆ ಇಲ್ಲದೆಯೂ ಗಡಿಯಾರ ನೋಡಿ ಕುಡಿಯುವವರ ಬಗ್ಗೆ.

ಹಾಗಾದರೆ ನೀರಿನ ಬದಲು ಸ್ಪೋರ್ಟ್ಸ್ ಡ್ರಿಂಕ್ ಕುಡಿದಿದ್ದರೆ? ಅಕ್ಕನ ಯಜಮಾನರು ಕೇಳಿದ್ದು ಇದನ್ನೇ. ಅವುಗಳಲ್ಲಿ ಸಾಮಾನ್ಯವಾಗಿ ಲೀಟರ್‌ಗೆ 20ರ ಆಸುಪಾಸು ಸೋಡಿಯಂ ಇರುತ್ತದೆ. ಐದು ಲೀಟರ್‌ಗೆ 100. ಬೆವರಿನಲ್ಲಿ ಹೋದದ್ದು ಪೂರ್ತಿ ವಾಪಸ್ ಬಂತು, 4,200 ಆಯಿತು. ಆದರೆ ನೀರು ಅದೇ 32.3 ಲೀಟರ್. ಉತ್ತರ 130. ಮೂರು ಅಂಕ ಮೇಲೆ, ಅಷ್ಟೇ. ಡಬ್ಲ್ಯುಎಚ್‌ಒ ಸೂತ್ರದ ಓಆರ್‌ಎಸ್‌ನಲ್ಲೂ ಲೀಟರ್‌ಗೆ 75 ಮಾತ್ರ, ರಕ್ತದ ಅರ್ಧದಷ್ಟು. ಅರ್ಧ ಚಮಚ ಉಪ್ಪು ಹಾಕಿದ ಒಂದು ಲೀಟರ್ ಮಜ್ಜಿಗೆಯೂ 50ರ ಹತ್ತಿರ ನಿಲ್ಲುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಇವೆಲ್ಲ ಒಳ್ಳೆಯ ಪಾನೀಯಗಳೇ, ಮಜ್ಜಿಗೆಯಂತೂ ನನಗೆ ಪ್ರಾಣ. ಆದರೆ ಎಲ್ಲವೂ ರಕ್ತಕ್ಕಿಂತ ಸಪ್ಪೆಯೇ, ಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಕುಡಿಯಲು ಯಾವುದೂ ಪರವಾನಗಿ ಅಲ್ಲ. ಹತ್ತಾರು ಗಂಟೆ ನಡೆಯುವ ಓಟಗಳಲ್ಲಿ, ಬೆವರು ಒಣಗಿ ಬಟ್ಟೆ ಮೇಲೆ ಬಿಳಿ ಗೆರೆ ಬೀಳುವಷ್ಟು ಉಪ್ಪು ಕಳೆದುಕೊಳ್ಳುವವರಲ್ಲಿ ಮಾತ್ರ ಹೋದ ಉಪ್ಪಿನ ಪಾಲು ದೊಡ್ಡದಾಗುತ್ತದೆ.

ಆಸ್ಪತ್ರೆಗೆ ಮತ್ತೆ ಬರೋಣ. ಗ್ಲೂಕೋಸ್ ಡ್ರಿಪ್ ಹಾಕಿದ್ದರೆ ಏನಾಗುತ್ತಿತ್ತು? ಗ್ಲೂಕೋಸನ್ನು ಮೈ ಬೇಗ ಬಳಸಿಕೊಳ್ಳುತ್ತದೆ, ಆಮೇಲೆ ಉಳಿಯುವುದು ಬರೀ ನೀರು. ಸಪ್ಪೆ ಸಾರಿಗೆ ಇನ್ನೊಂದು ಚೊಂಬು. ಎಲ್ಲ ಕಡೆ ಹಾಕುವ ನಾರ್ಮಲ್ ಸಲೈನನ್ನೂ ಇಲ್ಲಿ ನಂಬುವಂತಿಲ್ಲ. ಹಾರ್ಮೋನ್ ಇನ್ನೂ ಜೋರಾಗಿದ್ದರೆ ಕಿಡ್ನಿ ಅದರ ಉಪ್ಪನ್ನು ಗಟ್ಟಿ ಮೂತ್ರದಲ್ಲಿ ಹೊರಗೆ ಹಾಕಿ, ನೀರನ್ನು ಒಳಗೇ ಇಟ್ಟುಕೊಳ್ಳಬಹುದು.

ಡಾಕ್ಟರ್ ಹಾಕಿದ್ದು 3 ಪರ್ಸೆಂಟ್ ಸಲೈನ್, 100 ಮಿಲಿ, ಹತ್ತು ನಿಮಿಷದಲ್ಲಿ. ಇಂಥ ತುರ್ತಿಗೆ ಇದೇ ಒಪ್ಪಿತ ಚಿಕಿತ್ಸೆ. ಗುಣ ಕಾಣದಿದ್ದರೆ ಇನ್ನೂ ಎರಡು ಸಲ ಕೊಡಬಹುದು. ಅದರಲ್ಲಿ ಇರುವುದು 51 ಮಿಲಿಮೋಲ್. ಅಂದರೆ ಸೋಡಿಯಂ ಏರುವುದು ಒಂದೋ ಎರಡೋ ಅಂಕ. ಆದರೂ ಊದಿದ ಮಿದುಳಿನಿಂದ ನೀರನ್ನು ಹೊರಗೆಳೆಯಲು ಆ ಪುಟ್ಟ ವ್ಯತ್ಯಾಸವೇ ಸಹಾಯ ಮಾಡುತ್ತದೆ. ಎರಡನೇ ಬಾಟಲ್ ಮುಗಿಯುವಷ್ಟರಲ್ಲಿ ಅಕ್ಕ ನನ್ನ ಹೆಸರು ಹಿಡಿದು ಕರೆದರು. ಸೋಡಿಯಂ ಬೇಗ ಏರಿಸಬಾರದು ಅನ್ನುವ ನಿಯಮ ಇದೆ, ಡಾಕ್ಟರುಗಳಿಗೆ ಆ ಹೆದರಿಕೆಯೂ ಇರುತ್ತದೆ. ಅದು ದಿನಗಟ್ಟಲೆ ಕಡಿಮೆ ಇದ್ದು ಮಿದುಳು ಹೊಂದಿಕೊಂಡವರಿಗೆ. ಕೆಲವೇ ಗಂಟೆಯಲ್ಲಿ ಬಿದ್ದವರಲ್ಲಿ ತಡ ಮಾಡುವುದೇ ಹೆಚ್ಚು ಅಪಾಯ. ಮಧ್ಯಾಹ್ನದ ಮೇಲೆ ಹೊಟ್ಟೆ ತೊಳಸುವುದು ನಿಂತಿತು, ಹಾರ್ಮೋನ್ ಇಳಿಯಿತು, ಬಾಗಿಲು ತೆರೆಯಿತು. ಸಂಜೆವರೆಗೆ ಬಾತ್‌ರೂಮಿಗೆ ಎಷ್ಟು ಸಲ ಹೋದರೋ ಲೆಕ್ಕವಿಲ್ಲ. ರಾತ್ರಿ ಸೋಡಿಯಂ 136.

ಹೊರಗೆ ನಿಂತು ನೋಡುವವರಿಗೆ ಗುರುತು ಹಿಡಿಯುವುದು ಸುಲಭವಲ್ಲ, ಯಾಕಂದರೆ ನೀರು ಕಡಿಮೆ ಆದವರೂ ಸುಸ್ತಾಗುತ್ತಾರೆ, ತಲೆನೋವು ಅನ್ನುತ್ತಾರೆ. ನೀರು ಕಡಿಮೆ ಆದವರ ಬಾಯಿ ಒಣಗಿರುತ್ತದೆ, ಎದ್ದು ನಿಂತರೆ ತಲೆ ಸುತ್ತುತ್ತದೆ, ಕಾಲು ಎತ್ತರಕ್ಕಿಟ್ಟು ಮಲಗಿಸಿ ನೀರು ಕೊಟ್ಟರೆ ಚೇತರಿಸಿಕೊಳ್ಳುತ್ತಾರೆ. ನೀರು ಹೆಚ್ಚಾದವರಿಗೆ ಮಲಗಿಸಿದರೂ ತಲೆನೋವು ಏರುತ್ತಲೇ ಇರುತ್ತದೆ, ಬಾಯಾರಿಕೆ ಇರುವುದಿಲ್ಲ, ಹೊಟ್ಟೆ ಉಬ್ಬಿರುತ್ತದೆ, ತಿಳಿ ನೀರು ವಾಂತಿಯಾಗುತ್ತದೆ, ಉಂಗುರ, ಬಳೆ, ವಾಚ್ ಬಿಗಿಯಾಗಿರುತ್ತದೆ. ಮೈ ಕೆಂಡದಂತೆ ಸುಡುತ್ತಾ ಮಾತು ತಪ್ಪಿದ್ದರೆ ಅದು ಬಿಸಿಲಿನ ಹೊಡೆತ ಇರಬಹುದು, ಆಗ ತಕ್ಷಣ ತಣ್ಣೀರಿನಲ್ಲಿ ಮೈ ತಣಿಸಬೇಕು. ಕೆಲವರಿಗೆ ಓಟ ಮುಗಿಸಿ ಮನೆಗೆ ಹೋದ ಮೇಲೆ, ಹೊಟ್ಟೆಯಲ್ಲಿದ್ದ ನೀರು ರಕ್ತ ಸೇರಿದಾಗ ಲಕ್ಷಣ ಕಾಣಿಸಿಕೊಳ್ಳುತ್ತದೆ. ಗೊಂದಲ ಶುರುವಾಗಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಹೇಳಬೇಕಾದ ಮಾತು: "ಇಷ್ಟು ಗಂಟೆ ಓಡಿದಾರೆ, ಇಷ್ಟು ಲೀಟರ್ ನೀರು ಕುಡಿದಿದಾರೆ, ದಯವಿಟ್ಟು ಮೊದಲು ಸೋಡಿಯಂ ನೋಡಿ."

ಈಗ ನಮ್ಮ ನೀರಿನ ಟೇಬಲ್ ಪಕ್ಕದಲ್ಲಿ ತೂಕದ ಮೆಷಿನ್ ಇದೆ, ಒಂದು ನೋಟ್‌ಬುಕ್ ಇದೆ. ಓಡುವ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ನಿಲ್ಲುತ್ತೇವೆ. ಒಂದು ಕೆಜಿ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ಅಂತ ಲೆಕ್ಕ. ಒಂದೆರಡು ಕೆಜಿ ಇಳಿದರೆ ಯಾರೂ ಗಾಬರಿಯಾಗುವುದಿಲ್ಲ. ಅದರಲ್ಲಿ ಸ್ವಲ್ಪ ಉರಿದುಹೋದ ಪಿಷ್ಟ ಮತ್ತು ಅದು ಹಿಡಿದಿಟ್ಟಿದ್ದ ನೀರು. ಏರಿದ್ದರೆ ಮಾತ್ರ ಬಾಟಲ್ ಪಕ್ಕಕ್ಕಿಡಿಸಿ, ಮೂತ್ರ ಚೆನ್ನಾಗಿ ಹೋಗುವವರೆಗೆ ಕೂರಿಸಿಕೊಳ್ಳುತ್ತೇವೆ, ಒಬ್ಬರನ್ನೇ ಮನೆಗೆ ಕಳಿಸುವುದಿಲ್ಲ. ಅಕ್ಕ ವಾಚ್‌ನ ಅಲಾರಂ ತೆಗೆದುಹಾಕಿದ್ದಾರೆ. ಜೂನ್‌ನಲ್ಲಿ ಅದೇ ದಾರಿಯಲ್ಲಿ ಮತ್ತೆ 35 ಕಿಲೋಮೀಟರ್ ಓಡಿದರು. ನೋಟ್‌ಬುಕ್‌ನಲ್ಲಿ ಅವರ ಕೈಬರಹದಲ್ಲೇ ಇದೆ: ಮುಂಚೆ 60.1, ಆಮೇಲೆ 59.2, ನೀರು ಎರಡು ಲೀಟರ್.